ಬರ್ಕ್ಲಿಯ ಪ್ರವೇಶದ ಲೆಕ್ಕ ಇಟ್ಟುಕೊಂಡು ನಾನು ಎರಡು ತರ್ಕದೋಷ ಕಲಿಸುವ ಬಗೆ

ಡಿಗ್ರಿ ತರಗತಿಗೆ ತರ್ಕಶಾಸ್ತ್ರ ಪಾಠ ಮಾಡುವ ನನಗೆ ಭಾಗಗಳ ಗುಣವನ್ನು ಇಡಿಯ ಮೇಲೆ ಹೊರಿಸುವ ಸಂಯೋಜನ ದೋಷ, ಇಡಿಯ ಗುಣವನ್ನು ಭಾಗಗಳ ಮೇಲೆ ಹೊರಿಸುವ ವಿಭಜನ ದೋಷ, ಇವೆರಡಕ್ಕೂ ಪಠ್ಯದಲ್ಲಿ ಕೊಡುವ ಉದಾಹರಣೆಗಳು ಸಾಲವು. ‘ಒಂದೊಂದು ಇಟ್ಟಿಗೆಯೂ ಹಗುರ, ಹಾಗಾಗಿ ಗೋಡೆಯೂ ಹಗುರ’ ಎಂದರೆ ವಿದ್ಯಾರ್ಥಿಗಳು ತಪ್ಪನ್ನು ಕೂಡಲೇ ಹಿಡಿಯುತ್ತಾರೆ. ಅದೇ ತಪ್ಪು ಶೇಕಡಾ ಲೆಕ್ಕದೊಳಗೆ ಅಡಗಿ ಬಂದರೆ ಗುರುತು ಸಿಗುವುದಿಲ್ಲ. ಆದ್ದರಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ನಡೆದ ಸ್ನಾತಕೋತ್ತರ ಪ್ರವೇಶದ ಪ್ರಕರಣವೊಂದನ್ನೇ ಹಿಡಿದು ಇಡೀ ಪಾಠ ಮಾಡುತ್ತೇನೆ.

ಮೊದಲು ಬೋರ್ಡಿನ ಮೇಲೆ ಒಟ್ಟು ಲೆಕ್ಕ ಮಾತ್ರ ಬರೆಯುತ್ತೇನೆ. ಅರ್ಜಿ ಹಾಕಿದ ಗಂಡಸರು 8,442, ಸೀಟು ಸಿಕ್ಕಿದ್ದು ಶೇ. 44 ಮಂದಿಗೆ. ಹೆಂಗಸರು 4,321, ಸೀಟು ಸಿಕ್ಕಿದ್ದು ಶೇ. 35 ಮಂದಿಗೆ. ‘ಇದರಿಂದ ಏನು ಹೇಳಬಹುದು?’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: ‘ಮೇಡಂ, ಡಿಪಾರ್ಟ್‌ಮೆಂಟ್‌ನವರು ಹೆಂಗಸರನ್ನು ತುಳಿದಿದ್ದಾರೆ.’ ವಿಭಜನ ದೋಷ ನುಸುಳುವುದು ಇಲ್ಲಿಯೇ. ಅಂತರ ಕಂಡಿದ್ದು ಇಡೀ ವಿಶ್ವವಿದ್ಯಾಲಯದ ಲೆಕ್ಕದಲ್ಲಿ, ಅದನ್ನು ಹೊರಿಸಿದ್ದು ಒಂದೊಂದು ವಿಭಾಗದ ಮೇಲೆ. ಬರ್ಕ್ಲಿಯಲ್ಲಿ ಯಾರಿಗೆ ಸೀಟು ಎಂದು ತೀರ್ಮಾನಿಸುತ್ತಿದ್ದುದು ಆಯಾ ವಿಭಾಗ. ಹಾಗಾಗಿ ಪರೀಕ್ಷೆಯೂ ವಿಭಾಗದ ಮಟ್ಟದಲ್ಲೇ ನಡೆಯಬೇಕು. ಬಿಕಲ್, ಹ್ಯಾಮೆಲ್, ಓಕಾನಲ್ ಎಂಬ ಮೂವರು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಮಾಡಿದ್ದು ಅದನ್ನೇ.

ಆರು ದೊಡ್ಡ ವಿಭಾಗಗಳ ಅಂಕಿ R ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಜೊತೆಗೇ ಬರುತ್ತದೆ. ವಿಭಾಗಗಳ ಹೆಸರಿಲ್ಲ, A ಇಂದ F ವರೆಗಿನ ಅಕ್ಷರಗಳು ಮಾತ್ರ. ತರಗತಿಗೆ ಎರಡು ಸಾಕು:

```r
UCBAdmissions[, , "A"]
UCBAdmissions[, , "F"]
```

A ವಿಭಾಗದಲ್ಲಿ 825 ಗಂಡಸರಲ್ಲಿ 512 ಮಂದಿಗೆ ಸೀಟು, ಅಂದರೆ ಶೇ. 62. 108 ಹೆಂಗಸರಲ್ಲಿ 89 ಮಂದಿಗೆ, ಅಂದರೆ ಶೇ. 82. F ವಿಭಾಗದಲ್ಲಿ ಸೀಟು ಸಿಗುವುದೇ ಕಷ್ಟ: 373 ಗಂಡಸರಲ್ಲಿ 22, 341 ಹೆಂಗಸರಲ್ಲಿ 24. ಶೇಕಡಾ 6 ಮತ್ತು 7. ಎರಡು ಕಡೆಯೂ ಹೆಂಗಸರದ್ದೇ ಮೇಲುಗೈ. ಈಗ ಎರಡನ್ನೂ ಕೂಡಿಸಲು ಹೇಳುತ್ತೇನೆ. ಗಂಡಸರು 1,198ಕ್ಕೆ 534, ಸುಮಾರು ಶೇ. 45. ಹೆಂಗಸರು 449ಕ್ಕೆ 113, ಸುಮಾರು ಶೇ. 25. ಲೆಕ್ಕ ತಪ್ಪಿರಬೇಕು ಎಂದು ಕೆಲವರು ಮತ್ತೆ ಕೂಡಿಸಿ ನೋಡುತ್ತಾರೆ. ನಾನು ತಡೆಯುವುದಿಲ್ಲ. ಅಲ್ಲಿ ಅವಸರ ಮಾಡಿದರೆ ಪಾಠವೇ ಹೋಗುತ್ತದೆ.

ಕಾರಣ ಹುಡುಕಲು ಅರ್ಜಿಗಳ ಸಂಖ್ಯೆ ನೋಡಬೇಕು. ಗಂಡಸರಲ್ಲಿ ಹೆಚ್ಚಿನವರು ಹೋದದ್ದು ಸುಲಭವಾಗಿ ಸೀಟು ಸಿಗುವ A ಕಡೆಗೆ, ಹೆಂಗಸರಲ್ಲಿ ಮುಕ್ಕಾಲು ಪಾಲು F ಕಡೆಗೆ. ಒಟ್ಟು ಶೇಕಡಾ ಎನ್ನುವುದು ಭಾಗಗಳ ಸರಾಸರಿ. ಯಾವ ಭಾಗದಲ್ಲಿ ಜನ ಹೆಚ್ಚೋ ಆ ಕಡೆಗೆ ಅದು ವಾಲುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಎರಡೂ ವಿಭಾಗಕ್ಕೆ ನೂರು ನೂರು ಗಂಡಸರು, ನೂರು ನೂರು ಹೆಂಗಸರು ಅರ್ಜಿ ಹಾಕಿದ್ದರೆ ಎಂದು ಲೆಕ್ಕ ಹಾಕಿಸುತ್ತೇನೆ. ಇನ್ನೂರರಲ್ಲಿ ಗಂಡಸರಿಗೆ 68 ಸೀಟು, ಹೆಂಗಸರಿಗೆ 89. ಅರ್ಜಿಗಳ ಹಂಚಿಕೆ ಸಮ ಮಾಡಿದೊಡನೆ ಒಟ್ಟು ಲೆಕ್ಕವೂ ಭಾಗಗಳು ಹೇಳಿದ್ದನ್ನೇ ಹೇಳುತ್ತದೆ.

ಭಾಗದಿಂದ ಇಡಿಗೆ ಹೋಗುವ ಪ್ರತಿ ವಾದವೂ ದೋಷವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಸೀಟುಗಳ ಸಂಖ್ಯೆಯನ್ನು ಧಾರಾಳವಾಗಿ ಕೂಡಿಸಬಹುದು. ಪ್ರತಿ ವಿಭಾಗದಲ್ಲೂ ಪ್ರವೇಶ ಶೇ. 10ಕ್ಕಿಂತ ಕಡಿಮೆ ಇದ್ದರೆ ಒಟ್ಟು ಪ್ರವೇಶವೂ ಶೇ. 10ಕ್ಕಿಂತ ಕಡಿಮೆಯೇ, ಸರಾಸರಿ ತನ್ನ ಭಾಗಗಳ ಗಡಿ ದಾಟದು. ‘ಇವರ ಪ್ರಮಾಣ ಅವರಿಗಿಂತ ಹೆಚ್ಚು’ ಎಂಬ ಹೋಲಿಕೆಗೆ ಮಾತ್ರ ಆ ಭರವಸೆ ಇಲ್ಲ. ಆದ್ದರಿಂದ ಯಾವ ವಾದ ಬಂದರೂ, ವರ್ಗಾಯಿಸುತ್ತಿರುವ ಗುಣ ಸಂಖ್ಯೆಯೋ, ಗಡಿಯೋ, ಹೋಲಿಕೆಯೋ ಎಂದು ಮೊದಲು ಬರೆಸುತ್ತೇನೆ.

ಇಷ್ಟಾದ ಮೇಲೆ ತರಗತಿ ಇನ್ನೊಂದು ತುದಿಗೆ ಜಿಗಿಯುತ್ತದೆ: ‘ವಿಭಾಗಗಳು ನ್ಯಾಯವಾಗಿವೆ, ಹಾಗಾದರೆ ಒಟ್ಟು ವ್ಯವಸ್ಥೆಯೂ ನ್ಯಾಯವಾಗಿದೆ.’ ಇದು ಸಂಯೋಜನ ದೋಷ, ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಹೆಚ್ಚು ಹಾನಿಕರ. ಏಕೆಂದರೆ ಇದನ್ನು ಒಪ್ಪಿದರೆ ವಿಚಾರಣೆಯೇ ನಿಂತುಹೋಗುತ್ತದೆ. ಹೆಂಗಸರು ಹೆಚ್ಚಾಗಿ ಸೀಟು ಕಡಿಮೆ, ಸ್ಪರ್ಧೆ ಜಾಸ್ತಿ ಇರುವ ವಿಭಾಗಗಳಿಗೇ ಏಕೆ ಅರ್ಜಿ ಹಾಕಿದರು? ಆ ಮೂವರು ಲೇಖಕರೂ ಅಲ್ಲಿಗೇ ಬಂದು ನಿಂತರು: ಬೆಳೆಸಿದ ರೀತಿ, ಶಾಲೆಯ ದಿನಗಳಿಂದ ಸಿಕ್ಕ ಓದು ಹೆಣ್ಣುಮಕ್ಕಳನ್ನು ಆ ವಿಭಾಗಗಳತ್ತ ತಳ್ಳುತ್ತದೆ ಎಂದರು. ಗಣಿತ ಹೆಚ್ಚು ಬೇಕಾದ ವಿಭಾಗಗಳಲ್ಲಿ ಅರ್ಜಿ ಹಾಕಿದ ಹೆಂಗಸರು ಕಡಿಮೆ ಎಂಬುದನ್ನೂ ತೋರಿಸಿದರು. ಪ್ರವೇಶ ಸಮಿತಿಯ ಕಡತದಲ್ಲಿ ಈ ಕಾರಣ ಸಿಗುವುದಿಲ್ಲ, ಯಾವ ಒಂದು ವಿಭಾಗದ ಶೇಕಡಾ ಲೆಕ್ಕದಲ್ಲೂ ಕಾಣುವುದಿಲ್ಲ. ಅದನ್ನು ಹುಡುಕಲು ಹೈಸ್ಕೂಲಿನಲ್ಲಿ ಯಾರು ಗಣಿತ ತೆಗೆದುಕೊಂಡರು, ಯಾರು ಬಿಟ್ಟರು ಎಂಬ ಅಂಕಿ ಬೇಕು.