ಕರೆಂಟ್ ಏರಿಸಿದರೂ ಗೇನ್ ಏರದಿದ್ದಾಗ

BC547 ಟ್ರಾನ್ಸಿಸ್ಟರಿನ ಕಾಮನ್ ಎಮಿಟರ್ ವರ್ಧಕ ಹಂತ, 12 ವೋಲ್ಟ್ ಸಪ್ಲೈ, ಎಮಿಟರ್ ರೆಸಿಸ್ಟರಿಗೆ ಬೈಪಾಸ್ ಕೆಪಾಸಿಟರ್. ಕಲೆಕ್ಟರ್ ಕರೆಂಟನ್ನು 1ರಿಂದ 2 ಮಿಲಿಆಂಪಿಗೆ ಏರಿಸಿ, ಲೋಡನ್ನು 4.7 ಕಿಲೋಓಮಿನಿಂದ 2.2ಕ್ಕೆ ಇಳಿಸಿದಾಗ ಗೇನ್ ಹೆಚ್ಚುವ ಬದಲು ತುಸು ಕುಸಿಯಿತು.

ಕಾರಣ ಘಾತೀಯ ನಿಯಮದಲ್ಲೇ ಇದೆ: `IC = IS·e^(VBE/VT)`. ಇದರ ಇಳಿಜಾರೇ `gm = IC/VT`. ಇಲ್ಲಿ IC ಕಲೆಕ್ಟರ್ ಕರೆಂಟ್, VBE ಬೇಸ್-ಎಮಿಟರ್ ವೋಲ್ಟೇಜ್, IS ಟ್ರಾನ್ಸಿಸ್ಟರಿನ ಸ್ಯಾಚುರೇಶನ್ ಕರೆಂಟ್; ಉಷ್ಣ ವೋಲ್ಟೇಜ್ VT ಕೋಣೆಯ ಉಷ್ಣತೆಯಲ್ಲಿ ಸುಮಾರು 25 ಮಿಲಿವೋಲ್ಟ್. ಲೋಡ್ RC ಆದರೆ ಗೇನಿನ ಪ್ರಮಾಣ `gm·RC = IC·RC/VT`. ಭಿನ್ನರಾಶಿಯ ಅಂಶದಲ್ಲಿರುವ IC·RC ಎಂದರೆ ಲೋಡಿನ ಮೇಲೆ ಬೀಳುವ ವೋಲ್ಟೇಜ್, ಅಷ್ಟೇ. 4.7 ವೋಲ್ಟಿಗೆ ಗೇನ್ 188, 4.4ಕ್ಕೆ 176.

ಕರೆಂಟನ್ನು ಮತ್ತೆ 1 ಮಿಲಿಆಂಪಿಗೆ ತಂದು 6.8 ಕಿಲೋಓಮ್ ಹಾಕಿದೆ, ಲೆಕ್ಕಕ್ಕೆ 272. ಮುಂದಿನ ಹಂತದ ಇನ್‌ಪುಟ್ ರೋಧವೂ ಟ್ರಾನ್ಸಿಸ್ಟರಿನ ಔಟ್‌ಪುಟ್ ರೋಧವೂ ಲೋಡಿಗೆ ಸಮಾಂತರವಾಗಿರುವುದರಿಂದ ಅಳತೆ ಅದಕ್ಕಿಂತ ಕಡಿಮೆಯೇ ಬರುತ್ತದೆ. ಕಲೆಕ್ಟರ್ 5.2 ವೋಲ್ಟಿನಲ್ಲಿ ನಿಲ್ಲುತ್ತದೆ. ಲೋಡನ್ನು ಇನ್ನೂ ಹಿಗ್ಗಿಸಿದರೆ ಅಲೆಯ ಕೆಳತುದಿ ಕತ್ತರಿಸಿಹೋಗುವುದು ಆಸಿಲೋಸ್ಕೋಪಿನಲ್ಲಿ ಕಾಣುತ್ತದೆ.