ಸೀರಂ ಐಸ್ ಆಗುವ ಹೊತ್ತು: ಆಸ್ಮೊಲಾರ್ ಗ್ಯಾಪ್ ಲೆಕ್ಕ ಹಾಕುವುದು ಹೇಗೆ?

ತೀರ್ಥಹಳ್ಳಿ ಕಡೆಯ ಒಬ್ಬ ಬಡಗಿ ಅಂದುಕೊಳ್ಳಿ. ಮೂರು ದಿನದಿಂದ ಬಿಡದ ಮಳೆ. ರಾತ್ರಿ ವಾಂತಿ, ಬೆಳಿಗ್ಗೆ ಎದ್ದರೆ ಕಣ್ಣು ಮಂಜು. ಶಿವಮೊಗ್ಗಕ್ಕೆ ಕರೆತಂದ ಹೆಂಡತಿ ಡ್ಯೂಟಿ ಡಾಕ್ಟರ್ ಹತ್ತಿರ ಮೆಲ್ಲಗೆ ಹೇಳುತ್ತಾಳೆ: "ಸಾರ್, ಮಳೇಲಿ ಪೇಟೆಗೆ ಹೋಗೋಕಾಗ್ಲಿಲ್ಲ. ಬಾಗಿಲಿಗೆ ಪಾಲಿಶ್ ಹಾಕೋಕೆ ತಂದಿದ್ದ ಸ್ಪಿರಿಟ್ಟೇ ಕುಡಿದ್ರು."

ಆ ಸ್ಪಿರಿಟ್ಟಿನಲ್ಲಿ ಕಣ್ಣು ಕೆಡಿಸುವ ಮೆಥನಾಲ್ ಇತ್ತಾ? ನೇರವಾಗಿ ಅಳೆಯಲು ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಬೇಕು. ಜಿಲ್ಲಾ ಮಟ್ಟದ ಲ್ಯಾಬ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ ಕಳಿಸಿ ರಿಪೋರ್ಟ್ ಬರುವಷ್ಟರಲ್ಲಿ ಕಣ್ಣೇ ಹೋಗಿರಬಹುದು. ಆದರೆ ಆಸ್ಮೊಲಾಲಿಟಿ, ಅಂದರೆ ರಕ್ತದಲ್ಲಿ ಒಟ್ಟು ಎಷ್ಟು ಕಣ ಕರಗಿವೆ ಅನ್ನುವುದನ್ನು ಅಳೆಯುವ ಆಸ್ಮೋಮೀಟರ್ ಒಂದಿದ್ದರೆ, ಸೋಡಿಯಂ, ಶುಗರ್, ಯೂರಿಯಾ ಜೊತೆ ಸೇರಿಸಿ ಒಂದು ಗಂಟೆಯೊಳಗೆ ಒಳ್ಳೆ ಅಂದಾಜು ಕೊಡಬಹುದು. ಯಂತ್ರ ಅಳೆದ ಆಸ್ಮೊಲಾಲಿಟಿಗೂ ಈ ಮೂರರಿಂದ ಲೆಕ್ಕ ಹಾಕಿದ್ದಕ್ಕೂ ಇರುವ ಅಂತರವೇ ಆಸ್ಮೊಲಾರ್ ಗ್ಯಾಪ್. ಲ್ಯಾಬ್‌ನಲ್ಲಿ ಕೂತವರು ಮಾಡಬೇಕಾದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ಟ್ಯೂಬ್

ರಕ್ತವನ್ನು ಕೆಂಪು ಮುಚ್ಚಳದ ಸಾದಾ ಟ್ಯೂಬ್‌ಗೆ ತೆಗೆಯಿರಿ. ಲಿಥಿಯಂ ಹೆಪಾರಿನ್ ಟ್ಯೂಬ್ ಆದರೂ ನಡೆಯುತ್ತದೆ. ಸೋಡಿಯಂ, ಯೂರಿಯಾ, ಆಸ್ಮೊಲಾಲಿಟಿ ಎಲ್ಲಕ್ಕೂ ಒಂದೇ ಹೊತ್ತಿನ ರಕ್ತ ಇರಬೇಕು.

ಶುಗರ್‌ಗೆ ತೆಗೆದ ಬೂದು ಮುಚ್ಚಳದ ಟ್ಯೂಬ್ ಮಾತ್ರ ಮುಟ್ಟಬೇಡಿ. ಅದರಲ್ಲಿರುವ ಸೋಡಿಯಂ ಫ್ಲೋರೈಡ್, ಪೊಟ್ಯಾಶಿಯಂ ಆಕ್ಸಲೇಟ್ ಸೇರಿ ಆಸ್ಮೊಲಾಲಿಟಿಯನ್ನು ನೂರರ ಮೇಲೆ ಏರಿಸಿಬಿಡುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸೀರಂ ಕಡಿಮೆ ಬಿತ್ತು ಅಂತ ಶುಗರ್ ಟ್ಯೂಬ್‌ನಲ್ಲಿ ಉಳಿದದ್ದನ್ನೇ ಯಂತ್ರಕ್ಕೆ ಹಾಕಿದ್ದೆ. 430ರ ಮೇಲೆ ಬಂತು. ಮಾತಾಡುತ್ತಾ ಕೂತಿದ್ದ ರೋಗಿಗೆ ಡಯಾಲಿಸಿಸ್ ತಯಾರಿ ಶುರುವಾಗಿತ್ತು. ಹಿರಿಯ ಟೆಕ್ನಿಶಿಯನ್ ಒಬ್ಬರು ಟ್ಯೂಬ್‌ನ ಮುಚ್ಚಳ ನೋಡಿದ್ದರಿಂದ ಉಳಿದುಕೊಂಡೆವು.

ಸೀರಂ ಬೇರೆ ಮಾಡಿದ ಮೇಲೆ ಮುಚ್ಚಳ ಬಿಗಿಯಾಗಿ ಹಾಕಿಡಿ. ನಾವು ಹುಡುಕುತ್ತಿರುವುದೇ ಆವಿಯಾಗಿ ಹೋಗುವ ವಸ್ತು. ತೆರೆದಿಟ್ಟರೆ ಮೆಥನಾಲ್ ಹಾರಿಹೋಗುತ್ತದೆ.

ಯಂತ್ರ ಏನು ಮಾಡುತ್ತದೆ

ನೀರು 0 ಡಿಗ್ರಿಗೆ ಐಸ್ ಆಗುತ್ತದೆ. ಉಪ್ಪೋ ಸಕ್ಕರೆಯೋ ಕರಗಿದ್ದರೆ ಇನ್ನೂ ತಣ್ಣಗಾಗಬೇಕು. ಐಸ್‌ಕ್ಯಾಂಡಿ ಮಾಡುವವರು ಅಚ್ಚುಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುವುದು ಇದಕ್ಕೇ ಅಲ್ವಾ? ಕ್ಯಾಂಡಿ ಗಟ್ಟಿಯಾದರೂ ತೊಟ್ಟಿ ನೀರು ನೀರಾಗಿಯೇ ಇರುತ್ತದೆ. ಕರಗಿದ ಕಣ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ, ಎಷ್ಟು ಕಣ ಇವೆ ಅನ್ನುವುದಷ್ಟೇ ಲೆಕ್ಕ. ಒಂದು ಕೆಜಿ ನೀರಿನಲ್ಲಿ 1,000 ಮಿಲಿಆಸ್ಮೋಲ್ ಕಣಗಳಿದ್ದರೆ ಐಸ್ ಆಗುವ ಬಿಂದು 1.858 ಡಿಗ್ರಿ ಇಳಿಯುತ್ತದೆ. ಆರೋಗ್ಯವಂತರ ಸೀರಂ ಸುಮಾರು 275ರಿಂದ 295. ಅಂದರೆ 290 ಇದ್ದವರ ಸೀರಂ ಮೈನಸ್ 0.54 ಡಿಗ್ರಿಗೆ ಐಸ್ ಆಗುತ್ತದೆ. ಒಂದು ಮಿಲಿಆಸ್ಮೋಲ್ ವ್ಯತ್ಯಾಸ ಅಂದರೆ ಡಿಗ್ರಿಯ ಸಾವಿರದ ಎರಡು ಪಾಲಿಗೂ ಕಡಿಮೆ. ಕೈ ಶುದ್ಧವಾಗಿರಬೇಕು ಅನ್ನುವುದು ಇದಕ್ಕೇ.

ಯಂತ್ರ ಸೀರಂ ಅನ್ನು ಸೊನ್ನೆಗಿಂತ ಹಲವು ಡಿಗ್ರಿ ಕೆಳಗೆ ತಣಿಸುತ್ತದೆ. ಅಲುಗಾಡಿಸದೆ ತಣಿಸಿದರೆ ಅದು ಇನ್ನೂ ದ್ರವವಾಗಿಯೇ ಇರುತ್ತದೆ. ಆಮೇಲೆ ಒಂದು ಸಣ್ಣ ತಂತಿ ಜೋರಾಗಿ ಅದುರುತ್ತದೆ. ಆಲೆಮನೆಯಲ್ಲಿ ಪಾಕವನ್ನು ಮರಿಗೆಗೆ ಸುರಿದು ಕದಡಿದಾಗ ಹರಳುಗಟ್ಟುತ್ತದಲ್ಲ, ಹಾಗೆ ಸೀರಂ ಪೂರ್ತಿ ಸಣ್ಣ ಐಸ್ ಹರಳು ಏಳುತ್ತವೆ. ಹರಳಾಗುವಾಗ ಶಾಖ ಹೊರಬರುತ್ತದೆ. ತಾಪ ಮೇಲೇರಿ ಸ್ವಲ್ಪ ಹೊತ್ತು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ನಿಂತ ಮಟ್ಟವೇ ಐಸ್ ಆಗುವ ಬಿಂದು.

ಮೊದಲು 290 ಅಂತ ಗೊತ್ತಿರುವ ಕಂಟ್ರೋಲ್ ದ್ರವ ಹಾಕಿ, ಸರಿ ಬಂತಾ ನೋಡಿ. ಆಮೇಲೆ ಯಂತ್ರಕ್ಕೆ ತಕ್ಕಂತೆ 20ರಿಂದ 250 ಮೈಕ್ರೋಲೀಟರ್ ಸೀರಂ, ಗುಳ್ಳೆ ಬರದ ಹಾಗೆ. ಗುಳ್ಳೆಯೋ ಟಿಶ್ಯೂನ ನೂಲೋ ಇದ್ದರೆ ತಂತಿ ಅದುರುವ ಮೊದಲೇ ಐಸ್ ಕಟ್ಟಿ ಯಂತ್ರ ಎರರ್ ತೋರಿಸುತ್ತದೆ. ನಮ್ಮ ಮಳೆಗಾಲದಲ್ಲಿ ಇನ್ನೊಂದು ತೊಂದರೆ: ತಣ್ಣನೆಯ ಗುಳಿಯಲ್ಲಿ ಮತ್ತು ಪ್ರೋಬ್ ಮೇಲೆ ತೇವ ಕೂರುತ್ತದೆ. ಆ ಹನಿ ಸೀರಂಗೆ ಬಿದ್ದರೆ ಓದು ಕಡಿಮೆ ಬರುತ್ತದೆ. ಪ್ರತಿ ಸಲ ನೂಲು ಬಿಡದ ಟಿಶ್ಯೂನಿಂದ ಒರೆಸಿ. ಎರಡು ಸಲ ಅಳೆಯಿರಿ. ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲವೂ ಅಳೆಯಿರಿ.

ಆವಿ ಒತ್ತಡ ಅಳೆಯುವ ಆಸ್ಮೋಮೀಟರ್ ಕೂಡ ಇದೆ. ಮದ್ಯ, ಮೆಥನಾಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಇಂಥ ಕೇಸ್‌ಗೆ ಅದು ಬೇಡ.

ಲೆಕ್ಕ

ನಮ್ಮ ಬಡಗಿಯ ಎರಡು ಓದು 335 ಮತ್ತು 337 ಅಂತ ಇಟ್ಟುಕೊಳ್ಳೋಣ. ಸರಾಸರಿ 336. ಸೋಡಿಯಂ 138, ಗ್ಲೂಕೋಸ್ 108, ಬ್ಲಡ್ ಯೂರಿಯಾ 30. ಸೂತ್ರ ಹೀಗಿದೆ:

```
ಸೋಡಿಯಂ × 2 + ಗ್ಲೂಕೋಸ್ ÷ 18 + ಯೂರಿಯಾ ÷ 6
138 × 2 + 108 ÷ 18 + 30 ÷ 6 = 276 + 6 + 5 = 287
ಗ್ಯಾಪ್ = 336 − 287 = 49
```

ಸೋಡಿಯಂ ಎರಡು ಪಟ್ಟು ಯಾಕೆಂದರೆ, ಪ್ರತಿ ಸೋಡಿಯಂ ಜೊತೆ ಕ್ಲೋರೈಡ್‌ನಂಥ ಒಂದು ಜೊತೆಗಾರ ಕಣ ಇರುತ್ತದೆ. ಸಾಮಾನ್ಯವಾಗಿ ಗ್ಯಾಪ್ ಮೈನಸ್ 10ರಿಂದ ಪ್ಲಸ್ 10ರೊಳಗೆ ಇರುತ್ತದೆ. 49 ಅಂದರೆ ನಾವು ಲೆಕ್ಕಕ್ಕೆ ಹಿಡಿಯದ ಏನೋ ರಕ್ತದಲ್ಲಿ ತುಂಬಾ ಇದೆ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಅಮೆರಿಕದ ಪುಸ್ತಕಗಳಲ್ಲಿ ಯೂರಿಯಾ ಜಾಗದಲ್ಲಿ ಬಿಯುಎನ್ ಇರುತ್ತದೆ, ಅದನ್ನು 2.8ರಿಂದ ಭಾಗಿಸುತ್ತಾರೆ. ಬಿಯುಎನ್ ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ತೂಕ ಮಾತ್ರ. ನಮ್ಮ ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ ಹೆಚ್ಚಾಗಿ ಬರುವುದು ಪೂರ್ತಿ ಯೂರಿಯಾ. ಅದನ್ನು 6ರಿಂದಲೇ ಭಾಗಿಸಬೇಕು. ಬಡಗಿಯ ಯೂರಿಯಾ 30 ಆದ್ದರಿಂದ ಈ ತಪ್ಪು ಆರು ಅಂಕವಷ್ಟೇ. ಕಿಡ್ನಿ ಕೆಟ್ಟು ಯೂರಿಯಾ 168 ಇರುವವರನ್ನು ನೋಡಿ. 6ರಿಂದ ಭಾಗಿಸಿದರೆ 28, 2.8ರಿಂದ ಭಾಗಿಸಿದರೆ 60. ಗ್ಯಾಪ್‌ನಲ್ಲಿ 32 ಸುಮ್ನೆ ಮಾಯ! ನಿಜವಾದ ವಿಷವೇ ಮುಚ್ಚಿಹೋಗಬಹುದು.

ಈಗ 49ರಲ್ಲಿ ಮಾಮೂಲಿ ಮದ್ಯದ ಪಾಲೆಷ್ಟು? ಎಥನಾಲ್ ಅಳೆದಾಗ ಡೆಸಿಲೀಟರ್‌ಗೆ 37 ಮಿಲಿಗ್ರಾಂ ಬಂತು ಅಂದುಕೊಳ್ಳಿ. 3.7ರಿಂದ ಭಾಗಿಸಿದರೆ 10. ಉಳಿದದ್ದು 39. ಅಷ್ಟೂ ಮೆಥನಾಲ್ ಆಗಿದ್ದರೆ 39ನ್ನು 3.2ರಿಂದ ಗುಣಿಸಿ: ಸುಮಾರು 125 ಮಿಲಿಗ್ರಾಂ. ಇದು ಅಂದಾಜು ಮಾತ್ರ. ಆದರೆ ಕಣ್ಣು ಮಂಜು, ರಕ್ತದಲ್ಲಿ ಆಮ್ಲ ಏರಿದೆ, ಜೊತೆಗೆ ಈ ಗ್ಯಾಪ್. ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕಾದ ಸಂಖ್ಯೆ ಇದು, ರಿಪೋರ್ಟ್ ಪ್ರಿಂಟ್ ಆಗುವ ತನಕ ಕಾಯಬೇಡಿ.

ಫೋನ್‌ನಲ್ಲೇ ಒಂದು ಮಾತು ಕೇಳಿ: ಮ್ಯಾನಿಟಾಲ್ ಕೊಟ್ಟಿದ್ದೀರಾ? ಮೆದುಳಿನ ಬಾವು ಇಳಿಸಲು ಕೊಡುವ ಆ ಡ್ರಿಪ್ ಕೂಡ ಗ್ಯಾಪ್ ಏರಿಸುತ್ತದೆ. ಸಕ್ಕರೆ ಕಾಯಿಲೆಯ ಕೀಟೋಅಸಿಡೋಸಿಸ್‌ನಲ್ಲೂ ಸ್ವಲ್ಪ ಏರುತ್ತದೆ.

ಗ್ಯಾಪ್ ಕಡಿಮೆ ಬಂದರೆ

ಇದೇ ಬಡಗಿ ಒಂದು ದಿನ ತಡವಾಗಿ ಬಂದಿದ್ದರೆ ಗ್ಯಾಪ್ 9 ಮಾತ್ರ ಇರಬಹುದಿತ್ತು. ಮೆಥನಾಲ್ ಲಿವರ್‌ನಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರ ಸುಡುವುದು ಅದೇ. ಈ ಆಮ್ಲದ ಜೊತೆಗೆ ಸೋಡಿಯಂ ಇದ್ದೇ ಇರುತ್ತದೆ, ಆ ಸೋಡಿಯಂ ಎರಡು ಪಟ್ಟಾಗಿ ಆಗಲೇ ನಮ್ಮ ಲೆಕ್ಕದಲ್ಲಿ ಸೇರಿದೆ. ಹಾಗಾಗಿ ವಿಷ ಬಲಿತಂತೆ ಆಸ್ಮೊಲಾರ್ ಗ್ಯಾಪ್ ಇಳಿಯುತ್ತದೆ, ಇಂಥ ಆಮ್ಲ ಸೇರಿದ್ದನ್ನು ತೋರಿಸುವ ಆನಯಾನ್ ಗ್ಯಾಪ್ ಏರುತ್ತದೆ, ಆಮ್ಲವನ್ನು ತಡೆಯುವ ಬೈಕಾರ್ಬನೇಟ್ ಕುಸಿಯುತ್ತದೆ. ಆಗ "ಗ್ಯಾಪ್ ನಾರ್ಮಲ್" ಅಂತಷ್ಟೇ ಬರೆದು ಕಳಿಸಿದರೆ ಅಪಾಯ. ಬೈಕಾರ್ಬನೇಟ್, ಆನಯಾನ್ ಗ್ಯಾಪ್ ಎರಡನ್ನೂ ಪಕ್ಕದಲ್ಲೇ ಬರೆಯಿರಿ. ಕುಡಿದ ಹೊತ್ತು ಮನೆಯವರಿಗೆ ಗೊತ್ತಿದ್ದರೆ ಅದನ್ನೂ, ರಕ್ತ ತೆಗೆದ ಗಂಟೆಯನ್ನೂ ಬರೆಯಿರಿ. ಬಡಗಿಯ ರಿಪೋರ್ಟ್‌ನಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ: ಕುಡಿದದ್ದು ರಾತ್ರಿ 8, ರಕ್ತ ಬೆಳಿಗ್ಗೆ 7, ಆಸ್ಮೊಲಾಲಿಟಿ 336, ಗ್ಯಾಪ್ 49, ಎಥನಾಲ್ ಕಳೆದ ಮೇಲೆ 39.