ಎರಡೂ ಓವರಿ ತೆಗೆಸಿದ ಮೇಲೆ: ಐವತ್ತರವರೆಗಿನ ನನ್ನ ಲೆಕ್ಕ

ಗರ್ಭಕೋಶದ ಆಪರೇಷನ್ ಆಗಿದೆ ಎನ್ನುವ ಹೆಂಗಸರನ್ನು "ಓವರಿ ಇಟ್ಟಿದ್ದಾರಾ, ತೆಗೆದಿದ್ದಾರಾ?" ಎಂದು ಕೇಳಿ ನೋಡಿ. ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಓವರಿಗಳು, ಅಂದರೆ ಅಂಡಾಶಯಗಳು, ಹಾರ್ಮೋನ್ ತಯಾರಿಸುತ್ತಲೇ ಇರುತ್ತವೆ. ಎರಡು ಓವರಿಯನ್ನೂ ತೆಗೆದರೆ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಒಂದೆರಡು ದಿನದಲ್ಲೇ ತಳ ಮುಟ್ಟುತ್ತದೆ. ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಅದರಲ್ಲಿ 'ಬಿ.ಎಸ್.ಓ.' ಎಂದಿದ್ದರೆ ಎರಡೂ ಕಡೆಯ ಓವರಿ ಮತ್ತು ಟ್ಯೂಬ್ ಹೋಗಿವೆ ಎಂದರ್ಥ. ನನ್ನ ಚೀಟಿಯಲ್ಲಿ ಗರ್ಭಕೋಶದ ಜೊತೆ ಅದೂ ಇತ್ತು. ಆಗ ನನಗೆ 41 ವರ್ಷ.

ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನನಗೆ ಎಂಡೊಮೆಟ್ರಿಯೋಸಿಸ್ ಇತ್ತು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ. ಎರಡೂ ಓವರಿಯಲ್ಲಿ ಚಾಕೊಲೇಟ್ ಸಿಸ್ಟ್ ಎನ್ನುವ, ಹಳೆಯ ರಕ್ತ ತುಂಬಿದ ಗಂಟು, ಜೊತೆಗೆ ಅದು ಕರುಳಿಗೂ ಅಂಟಿಕೊಂಡಿತ್ತು. ವರ್ಷಗಟ್ಟಲೆ ಮಾತ್ರೆ ತಿಂದು, ಒಮ್ಮೆ ಸಿಸ್ಟ್ ಮಾತ್ರ ತೆಗೆಸಿ, ಅದು ಮತ್ತೆ ಬಂದ ಮೇಲೆ ಈ ಆಪರೇಷನ್‌ಗೆ ಒಪ್ಪಿದೆ. ಆ ನಿರ್ಧಾರದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆಮೇಲಿನದ್ದರ ಬಗ್ಗೆ. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಆಂಟಿಬಯಾಟಿಕ್, ನೋವಿನ ಮಾತ್ರೆ, "ಹೊಲಿಗೆ ತೋರಿಸಲು ಬನ್ನಿ" ಅಷ್ಟೇ ಇತ್ತು. ಹಾರ್ಮೋನ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹೊಲಿಗೆ ಬಿಚ್ಚುವ ಮೊದಲೇ ಝಳ ಶುರುವಾಯಿತು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೆನ್ನೆಗೆ ಬಿಸಿ ಏರುತ್ತದೆ, ಎದೆ ಡವಡವ ಎನ್ನುತ್ತದೆ, ಮೈಯೆಲ್ಲ ಬೆವರು. ಮೂರ್ನಾಲ್ಕು ನಿಮಿಷದಲ್ಲಿ ಇಳಿದು ಚಳಿ ಆಗುತ್ತದೆ. ಮನೆಯವರು ಗಾಯಕ್ಕೆ ಸೋಂಕಾಗಿದೆ ಎಂದು ಹೆದರಿದರು. ವ್ಯತ್ಯಾಸ ತಿಳಿಯಲು ಥರ್ಮಾಮೀಟರ್ ಸಾಕು. ಝಳ ಬಂದಾಗ ಮೈ ಸುಡುತ್ತಿದೆ ಅನಿಸಿದರೂ ಜ್ವರ ತೋರಿಸುವುದಿಲ್ಲ, ಕೆಲವೇ ನಿಮಿಷದಲ್ಲಿ ಹೋಗುತ್ತದೆ. 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಗಾಯ ಕೆಂಪಾಗಿ ಕೀವು ಕಟ್ಟಿದರೆ, ಅದು ಬೇರೆ ವಿಷಯ. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಝಳಕ್ಕಿಂತ ನನ್ನನ್ನು ಕಾಡಿದ್ದು ನಿದ್ದೆ. ಬೆಳಗಿನ ಜಾವ ಬೆವರಿನಲ್ಲಿ ನೆನೆದು ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಬೆರಳಿನ ಗೆಣ್ಣುಗಳು ಬಿಗಿಯಾಗಿ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಯಿತು. ಪಾಠದ ಮಧ್ಯೆ 'ಕರ್ಣ' ಎಂಬ ಪದ ನೆನಪಾಗದೆ ಬೋರ್ಡಿನ ಮುಂದೆ ನಿಂತಿದ್ದೇನೆ. ಇದೂ ಈಸ್ಟ್ರೊಜೆನ್ ಇಲ್ಲದ್ದಕ್ಕೇ ಆಗುತ್ತದೆ ಎಂದು ಆಗ ಯಾರೂ ಹೇಳಲಿಲ್ಲ.

"ನಮಗೂ ಮುಟ್ಟು ನಿಂತಿತ್ತು ಕಣೇ, ನಾವು ಹೀಗೆ ಒದ್ದಾಡಲಿಲ್ಲ" ಎಂದರು ಅತ್ತೆ. ಕೊಂಕಿನಿಂದ ಹೇಳಿದ್ದಲ್ಲ, ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ. "ಅತ್ತೆ, ಸಂಜೆಯಾಗಿ ಕತ್ತಲಾಗುವುದು ಬೇರೆ, ಓದುತ್ತಾ ಕೂತಾಗ ಕರೆಂಟ್ ಹೋಗುವುದು ಬೇರೆ ಅಲ್ವಾ?" ಎಂದೆ. ಅವರಿಗೆ ನಾಲ್ಕೈದು ವರ್ಷ ಹಾರ್ಮೋನ್ ಏರುಪೇರಾಗುತ್ತಾ ಇಳಿದಿತ್ತು. ಮುಟ್ಟು ನಿಂತ ಮೇಲೂ ಓವರಿಗಳು ಸ್ವಲ್ಪ ಟೆಸ್ಟೊಸ್ಟೆರಾನ್ ಕೊಡುತ್ತಲೇ ಇರುತ್ತವೆ. ನನಗೆ ಅದೂ ಇಲ್ಲ.

ಇನ್ನೊಬ್ಬ ಡಾಕ್ಟರ್ ಮೇಡಂ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ಝಳದ ಬಗ್ಗೆ ಅಲ್ಲ, ವಯಸ್ಸು. "41 ಅಂದ್ರೆ ಇನ್ನೂ ಒಂಬತ್ತು ಹತ್ತು ವರ್ಷ ನಿಮ್ಮ ಮೂಳೆಗೆ, ಹೃದಯಕ್ಕೆ ಈಸ್ಟ್ರೊಜೆನ್ ಸಿಗಬೇಕಿತ್ತು. ಅದನ್ನ ವಾಪಸ್ ಕೊಡ್ತಿದ್ದೀವಿ, ಅಷ್ಟೇ" ಎಂದರು. ನನ್ನ ಇಡೀ ಲೆಕ್ಕ ನಿಂತಿರುವುದು ಈ ಮಾತಿನ ಮೇಲೆ. ಝಳ ತಡೆದುಕೊಳ್ಳಬಲ್ಲೆ, ಮಾತ್ರೆ ಬೇಡ ಎನ್ನುವವರನ್ನು ನೋಡಿದ್ದೇನೆ. ಝಳ ತಾನಾಗೇ ಕಡಿಮೆ ಆಗಬಹುದು, ಮೂಳೆ ಸವೆಯುವುದು ಸದ್ದಿಲ್ಲದೆ ನಡೆದಿರುತ್ತದೆ. 45ರೊಳಗೆ ಎರಡೂ ಓವರಿ ತೆಗೆಸಿಕೊಂಡು ಈಸ್ಟ್ರೊಜೆನ್ ತೆಗೆದುಕೊಳ್ಳದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಎಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ತೋರಿಸಿವೆ.

ಕ್ಯಾನ್ಸರ್ ಬರುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಅದರ ಮೂಲ 2002ರಲ್ಲಿ ಅಮೆರಿಕದಲ್ಲಿ ಹೊರಬಂದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅವರು ತೆಗೆದುಕೊಂಡಿದ್ದು ಈಸ್ಟ್ರೊಜೆನ್ ಜೊತೆಗೆ ಕೃತಕ ಪ್ರೊಜೆಸ್ಟರಾನ್. ಗರ್ಭಕೋಶ ತೆಗೆದವರಿಗೆ ಬರೀ ಈಸ್ಟ್ರೊಜೆನ್ ಕೊಟ್ಟ ಭಾಗದ ಫಲಿತಾಂಶ 2004ರಲ್ಲಿ ಬಂತು. ಅಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ಪಾರ್ಶ್ವವಾಯು ಸ್ವಲ್ಪ ಹೆಚ್ಚಾಗಿತ್ತು, ಅದನ್ನೂ ಹೇಳಬೇಕು. ಆದರೆ ನನ್ನ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಹೀಗೆ 63ರ ಲೆಕ್ಕವನ್ನು 41ಕ್ಕೆ ಹಾಕಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರ ಕಥೆ ಬೇರೆ. ಅವರಿಗೆ ಝಳಕ್ಕೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ಥರದ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಮೂಳೆಗೆ ಬೇರೆಯೇ ದಾರಿ ನೋಡಬೇಕು.

ನನಗೆ ಈಸ್ಟ್ರಡಿಯಾಲ್ ವ್ಯಾಲರೇಟ್ ಎಂಬ ಈಸ್ಟ್ರೊಜೆನ್‌ನ 1 ಮಿ.ಗ್ರಾಂ ಮಾತ್ರೆಯಿಂದ ಶುರು ಮಾಡಿದರು. ಹಗಲಿನ ಝಳ ಅರ್ಧಕ್ಕೆ ಇಳಿಯಿತು, ರಾತ್ರಿಯ ಬೆವರು ಹೋಗಲಿಲ್ಲ. ಸಣ್ಣ ನೋಟ್‌ಬುಕ್ಕಿನಲ್ಲಿ ಝಳ ಎಷ್ಟು, ನಿದ್ದೆ ಎಷ್ಟು ಗಂಟೆ, ಗೆಣ್ಣು ನೋವು ಇದೆಯೋ ಇಲ್ಲವೋ ಎಂದು ದಿನವೂ ಬರೆಯುತ್ತಿದ್ದೆ. ಡೋಸ್ ಸಾಲುತ್ತಿಲ್ಲ ಎಂದು ತೋರಿಸಿದ್ದು ಅದೇ. ಮುಟ್ಟು ಸಹಜವಾಗಿ ನಿಂತ ಐವತ್ತೈದರ ಹೆಂಗಸಿಗೆ ಸಾಕಾಗುವ ಡೋಸ್, ನಲವತ್ತರಲ್ಲಿ ಓವರಿ ಕಳೆದುಕೊಂಡವರಿಗೆ ಹಲವು ಸಲ ಸಾಲುವುದಿಲ್ಲ. 2 ಮಿ.ಗ್ರಾಂಗೆ ಏರಿಸಿದ ಮೇಲೆ ನಿದ್ದೆ ಬಂತು, ಆದರೆ ಹಳೆಯ ಅರೆತಲೆನೋವು ಎದ್ದು ಕೂತಿತು. ಆಗ ಮಾತ್ರೆ ಬಿಡಿಸಿ ಜೆಲ್ ಕೊಟ್ಟರು. ಮಾತ್ರೆ ಮೊದಲು ಲಿವರ್ ಮೂಲಕ ಹೋಗುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಏರುತ್ತದೆ. ಚರ್ಮದ ಮೂಲಕ ಹೋಗುವ ಜೆಲ್‌ನಲ್ಲಿ ಹಾಗಾಗುವುದಿಲ್ಲ, ದಿನವಿಡೀ ಮಟ್ಟವೂ ಸಮನಾಗಿರುತ್ತದೆ.

ನನ್ನದು 0.06 ಶೇಕಡಾ ಜೆಲ್. 2.5 ಗ್ರಾಂ ಹಚ್ಚಿದರೆ 1.5 ಮಿ.ಗ್ರಾಂ ಈಸ್ಟ್ರಡಿಯಾಲ್. ಸ್ನಾನ ಆಗಿ ಮೈ ಪೂರ್ತಿ ಒಣಗಿದ ಮೇಲೆ ತೋಳಿನ ಹೊರಭಾಗಕ್ಕೆ ತೆಳ್ಳಗೆ ಹರಡುತ್ತೇನೆ, ತಿಕ್ಕುವುದಿಲ್ಲ. ಐದು ನಿಮಿಷ ಒಣಗಲು ಬಿಟ್ಟು ಆಮೇಲೆ ಕುಪ್ಪಸ. ಕೈಯನ್ನು ಸೋಪಿನಲ್ಲಿ ತೊಳೆಯಬೇಕು. ಹಚ್ಚಿದ ಜಾಗ ಮಕ್ಕಳಿಗೆ ತಾಗಬಾರದು, ಹಾರ್ಮೋನ್ ಅವರ ಮೈಗೂ ಹೋಗುತ್ತದೆ. ಎದೆಗಂತೂ ಹಚ್ಚಲೇಬಾರದು.

ಇನ್ನೊಂದು ಮಾತ್ರೆ ನನಗೆ ವಿಶೇಷ. ರಾತ್ರಿ ಮಲಗುವಾಗ 100 ಮಿ.ಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್. ಮೆಡಿಕಲ್ ಶಾಪಿನ ಹುಡುಗ "ಗರ್ಭಕೋಶ ಇಲ್ಲ ಅಂದ್ಮೇಲೆ ಇದು ಯಾಕೆ ಮೇಡಂ?" ಎಂದ. ಅವನ ಪ್ರಶ್ನೆ ಸರಿಯಾಗಿತ್ತು. ಗರ್ಭಕೋಶ ಇದ್ದವರಿಗೆ ಅದರ ಒಳಪದರ ಬೆಳೆಯದಂತೆ ಪ್ರೊಜೆಸ್ಟರಾನ್ ಬೇಕೇ ಬೇಕು. ಇಲ್ಲದವರಿಗೆ ಸಾಮಾನ್ಯವಾಗಿ ಬೇಡ. ಆದರೆ ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಕರುಳಿನ ಮೇಲೋ ಹೊಟ್ಟೆಯೊಳಗಿನ ಪೊರೆಯ ಮೇಲೋ ಚೂರುಪಾರು ಉಳಿದಿರಬಹುದು. ಬರೀ ಈಸ್ಟ್ರೊಜೆನ್ ಸಿಕ್ಕರೆ ಅದು ಮತ್ತೆ ಚಿಗುರಬಹುದು. ಅದಕ್ಕೇ ಸಂತಾನೋತ್ಪತ್ತಿ ತಜ್ಞರ ಯುರೋಪಿನ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿ ಇಂಥವರಿಗೆ ಎರಡೂ ಹಾರ್ಮೋನ್ ಒಟ್ಟಿಗೆ ಅಥವಾ ಟಿಬೊಲೋನ್ ಎಂಬ ಹಾರ್ಮೋನ್ ಮಾತ್ರೆ ಯೋಚಿಸಿ ಎನ್ನುತ್ತದೆ. ಹಳೆಯ ಕಡೆಯೇ ನೋವು ಮರಳಿದರೆ, ಮಲದಲ್ಲಿ ರಕ್ತ ಕಂಡರೆ ಸುಮ್ಮನೆ ಕೂರಬೇಡಿ ಎಂದು ನನಗೆ ಹೇಳಿದ್ದಾರೆ. ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟನ್ನು ಫೈಲಿನ ಮೊದಲ ಹಾಳೆಯಾಗಿ ಇಟ್ಟಿರುವುದೂ ಇದಕ್ಕೇ.

ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಮಾಡುವ ಟೆಸ್ಟ್ ಇದಲ್ಲ. ಅದನ್ನು ನೋಡಿ ಔಷಧಿ ನಿರ್ಧಾರ ಮಾಡಲು ಬರುವುದಿಲ್ಲ. ಡೆಕ್ಸಾದಲ್ಲಿ ಸೊಂಟದ ಬೆನ್ನುಮೂಳೆ ಮತ್ತು ತೊಡೆಮೂಳೆಯ ಮೇಲಿನ ಕೀಲು ನೋಡುತ್ತಾರೆ. ಆರೋಗ್ಯವಂತ ಯುವತಿಯರ ಮೂಳೆಗಿಂತ ನಮ್ಮದು ಎಷ್ಟು ಹಿಂದಿದೆ ಎಂದು ಟಿ-ಸ್ಕೋರ್ ಎಂಬ ಅಂಕೆ ಕೊಡುತ್ತಾರೆ. ಅದು ಮೈನಸ್ 1ರವರೆಗೆ ಪರವಾಗಿಲ್ಲ. ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನನ್ನ ಬೆನ್ನುಮೂಳೆ ಮೈನಸ್ 1.6 ಇತ್ತು. ಎರಡು ವರ್ಷದ ನಂತರ ಅದೇ ಸೆಂಟರಿನ ಅದೇ ಮೆಷಿನ್‌ನಲ್ಲಿ ಮಾಡಿಸಿದಾಗ ಮೈನಸ್ 1.5. ಇಷ್ಟು ಸಣ್ಣ ವ್ಯತ್ಯಾಸ ಮೆಷಿನ್‌ನ ಏರುಪೇರಿನೊಳಗೇ ಬರುತ್ತದೆ, ಹಾಗಾಗಿ ಸುಧಾರಿಸಿತು ಎನ್ನುವಂತಿಲ್ಲ. ಕುಸಿಯಲಿಲ್ಲ, ಅಷ್ಟು ಸಾಕು. ಮೆಷಿನ್ ಬದಲಾದರೆ ಈ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಕ್ಯಾಲ್ಸಿಯಂ ಮಾತ್ರೆಗೆ ಮೊದಲು ತಟ್ಟೆಯ ಲೆಕ್ಕ ಹಾಕಿದೆ. ದಿನಕ್ಕೆ ಬೇಕಾದ್ದು 1200 ಮಿ.ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350. ಹಾಲು, ಮೊಸರು ಸೇರಿ ಅರ್ಧ ಲೀಟರ್ ಆದರೆ ಸುಮಾರು 600. ಸೊಪ್ಪು, ಎಳ್ಳು ಸೇರಿದರೆ ಹತ್ತಿರ ಹತ್ತಿರ ತಲುಪುತ್ತೇನೆ. ರಾಗಿಯದ್ದೆಲ್ಲ ಮೈಗೆ ಹತ್ತುವುದಿಲ್ಲ, ಅದಕ್ಕೇ ಮುದ್ದೆ ಸಿಗದ ದಿನ ಮಾತ್ರವಲ್ಲದೆ ಹೆಚ್ಚಿನ ದಿನಗಳಲ್ಲಿ ಊಟದ ಜೊತೆ ಒಂದು ಮಾತ್ರೆ ನುಂಗುತ್ತೇನೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಅಂತರ ಇಡಬೇಕು. ಬರೀ ವಾಕಿಂಗ್ ಮೂಳೆಗೆ ಸಾಲದು. ಮೆಟ್ಟಿಲು ಹತ್ತುವುದು, ಭಾರ ಹಿಡಿದು ಕೂತೇಳುವುದು ಸೇರಿಸಿದ್ದೇನೆ.

ಉಳಿದದ್ದು ವರ್ಷಕ್ಕೊಮ್ಮೆ ಮುಗಿಯುವ ಕೆಲಸ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಸೊಂಟದ ಅಳತೆ. ನಮ್ಮ ಹೆಂಗಸರಿಗೆ ಸೊಂಟ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ, ನಾನು ಆ ಗೆರೆಯ ಮೇಲೇ ನಿಂತಿದ್ದೇನೆ. ಮ್ಯಾಮೊಗ್ರಾಮ್ ಯಾವಾಗ ಎಂದು ಡಾಕ್ಟರ್ ಹೇಳುತ್ತಾರೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಯೋನಿ ಒಣಗುವುದು. ಸೇರುವಾಗ ಉರಿ, ಪದೇ ಪದೇ ಉರಿಮೂತ್ರ. ಜೆಲ್ ಹಚ್ಚುತ್ತಿದ್ದರೂ ನನಗೆ ಇದು ಪೂರ್ತಿ ಹೋಗಲಿಲ್ಲ. ಈಸ್ಟ್ರಿಯಾಲ್ ಎಂಬ ಈಸ್ಟ್ರೊಜೆನ್‌ನ ಕ್ರೀಮನ್ನು ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಒಳಗೆ ಹಚ್ಚುತ್ತೇನೆ. ಇದು ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಆಸೆ ಕಡಿಮೆಯಾಗುವುದು ಇನ್ನೊಂದು. ಅದಕ್ಕೆ ಟೆಸ್ಟೊಸ್ಟೆರಾನ್ ಕೊಡುವುದುಂಟು. ನಿದ್ದೆ, ಉರಿ ಎರಡೂ ಸರಿಹೋದ ಮೇಲೆ ನನಗೆ ಅದು ಬೇಕೆನಿಸಲಿಲ್ಲ.

ಈಗ ನನಗೆ 46. ಜೆಲ್ ಐವತ್ತರವರೆಗೆ ಖಂಡಿತ. ಅಲ್ಲಿಂದ ಮುಂದೆ ಒಮ್ಮೆಲೇ ನಿಲ್ಲಿಸುವುದಿಲ್ಲ, ಹಾಗೆ ಮಾಡಿದರೆ ಝಳ ಮತ್ತೆ ಬರಬಹುದು. ಆ ವರ್ಷ ಬಿಪಿ, ಮ್ಯಾಮೊಗ್ರಾಮ್, ಹೊಸ ಡೆಕ್ಸಾ ಮೂರನ್ನೂ ಮುಂದಿಟ್ಟುಕೊಂಡು ಡಾಕ್ಟರ್ ಜೊತೆ ಕೂತು ಮಾತಾಡುವುದು, ಬಿಡುವುದಾದರೆ ಜೆಲ್ ಅಳತೆಯನ್ನು ಅರ್ಧಕ್ಕೆ ಇಳಿಸಿ ಕೆಲವು ತಿಂಗಳು ನೋಡುವುದು ಎಂದು ಮಾತಾಗಿದೆ. ಜೆಲ್ ಬಿಟ್ಟ ಮೇಲೆ ಮೂಳೆ ಮತ್ತೆ ಬೇಗ ಸವೆಯುತ್ತದೆ. ಹಾಗಾಗಿ ಬಿಟ್ಟು ಎರಡು ವರ್ಷಕ್ಕೆ ಇನ್ನೊಂದು ಡೆಕ್ಸಾ ಬರೆದಿಟ್ಟಿದ್ದೇನೆ. ಕ್ರೀಮ್ ಮಾತ್ರ ಮುಂದುವರಿಯುತ್ತದೆ.